ಆರನೇ ಬೆಡ್‌ನಿಂದ ಏಳನೇ ಬೆಡ್‌ಗೆ

ಆಸ್ಪತ್ರೆ ಸಿಬ್ಬಂದಿಗೆ ಕೈ ಶುಚಿತ್ವದ ಬಗ್ಗೆ ಮಾತಾಡಲು ಹೋದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಕೆಲವು ಸಲ ಹೊಸದಾಗಿ ಸೇರಿದ ಸ್ಟಾಫ್ ನರ್ಸ್ ಕೇಳುತ್ತಾರೆ, ಕೆಲವು ಸಲ ಇಪ್ಪತ್ತು ವರ್ಷ ಸರ್ವಿಸ್ ಆದ ಅಟೆಂಡರ್ ಕೇಳುತ್ತಾರೆ. ಹೌಸ್ ಸರ್ಜನ್‌ಗಳು ಕೇಳುವುದಿಲ್ಲ, ಆದರೆ ಅವರ ಮುಖದ ಮೇಲೂ ಅದೇ ಪ್ರಶ್ನೆ ಇರುತ್ತದೆ: "ಗ್ಲೌಸ್ ಹಾಕ್ಕೊಂಡೇ ಇದ್ದೀವಲ್ಲ ಸರ್, ಮತ್ತೆ ಕೈ ಯಾಕೆ ತೊಳೀಬೇಕು?"

ಇದು ಸೋಮಾರಿತನದ ಪ್ರಶ್ನೆಯಲ್ಲ. ಕೈಗೆ ಕೊಳೆ ಅಂಟದಂತೆ ತಡೆಯುವ ವಸ್ತು ಕೈಮೇಲೆ ಇರುವಾಗ ಕೈ ತೊಳೆಯುವುದು ದಂಡ ಅನ್ನಿಸುವುದು ಸಹಜ. ಇದಕ್ಕೆ ಉತ್ತರ ಬೇಕಾದರೆ ಗ್ಲೌಸ್‌ನ ಗುಣಮಟ್ಟ ನೋಡಿದರೆ ಸಾಲದು. ಗ್ಲೌಸ್ ಹಾಕಿದ ಕೈ ಯಾವುದರಿಂದ ಯಾವುದಕ್ಕೆ ಹೋಯಿತು ಎಂದು ನೋಡಬೇಕು. ಅದಕ್ಕೇ ನಾನು ಸ್ಲೈಡುಗಳನ್ನು ಪಕ್ಕಕ್ಕಿಟ್ಟು, ವಾರ್ಡಿನ ಹತ್ತು ನಿಮಿಷವನ್ನು ನಿಧಾನವಾಗಿ ಹೇಳುತ್ತೇನೆ. ಇದು ಉದಾಹರಣೆಗೆಂದು ಕಟ್ಟಿಕೊಂಡ ಪ್ರಸಂಗ. ಆದರೆ ಕೇಳುವಾಗ ಯಾರೂ 'ನಮ್ಮಲ್ಲಿ ಹೀಗಾಗಲ್ಲ' ಅನ್ನುವುದಿಲ್ಲ.

ಪುರುಷರ ಮೆಡಿಕಲ್ ವಾರ್ಡ್. ಬೆಳಗಿನ ರೌಂಡ್ಸ್ ಆಗಷ್ಟೇ ಮುಗಿದಿದೆ. ಆರನೇ ಬೆಡ್‌ನಲ್ಲಿ ಲಕ್ವಾ ಹೊಡೆದು ಮಲಗಿರುವ ಅಜ್ಜ, ಕ್ಯಾಥೆಟರ್ ಹಾಕಿ ಒಂದು ವಾರವಾಗಿದೆ. ಏಳನೇ ಬೆಡ್‌ನಲ್ಲಿ ನ್ಯುಮೋನಿಯಾದ ರೋಗಿ, ಎಡಗೈಗೆ ಕ್ಯಾನುಲಾ ಹಾಕಿ ಡ್ರಿಪ್ ಬಿಟ್ಟಿದ್ದಾರೆ. ಎರಡು ಮಂಚಗಳ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ. ಸಿಸ್ಟರ್ ಗ್ಲೌಸ್ ಹಾಕಿಕೊಂಡು ಬಂದು ಅಜ್ಜನ ಯೂರಿನ್ ಬ್ಯಾಗಿನ ಕೆಳಗಿನ ನಲ್ಲಿ ತಿರುಗಿಸಿ ಜಗ್‌ಗೆ ಮೂತ್ರ ಇಳಿಸುತ್ತಾರೆ. ಎಷ್ಟು ಎಂದು ನೋಡಿ, ಜೇಬಿನಿಂದ ಪೆನ್ ತೆಗೆದು ಚಾರ್ಟ್‌ನಲ್ಲಿ ಬರೆಯುತ್ತಾರೆ. ಅಷ್ಟರಲ್ಲಿ ಏಳನೇ ಬೆಡ್‌ನ ಕಡೆಯವರು ಕೂಗುತ್ತಾರೆ: "ಸಿಸ್ಟರ್, ಡ್ರಿಪ್ ನಿಂತೋಗಿದೆ, ಸ್ವಲ್ಪ ನೋಡಿ."

ಸಿಸ್ಟರ್ ತಿರುಗುತ್ತಾರೆ. ಡ್ರಿಪ್ ಪೈಪಿನ ಚಕ್ರ ಸರಿಸಿ ನೋಡುತ್ತಾರೆ, ಹನಿ ಬೀಳುವುದಿಲ್ಲ. ರೋಗಿಯ ಕೈ ನೇರ ಮಾಡುತ್ತಾರೆ, ಆಗಲೂ ಇಲ್ಲ. ಕ್ಯಾನುಲಾದ ಮುಚ್ಚಳ ತೆಗೆದು ಸಿರಿಂಜಿನಿಂದ ಸಲೈನ್ ತಳ್ಳುತ್ತಾರೆ. ಡ್ರಿಪ್ ಹರಿಯುತ್ತದೆ, ಕಡೆಯವರಿಗೆ ಸಮಾಧಾನ. ಸಿಸ್ಟರ್ ಗ್ಲೌಸ್ ಕಳಚಿ ಕೆಂಪು ಬಕೆಟ್‌ಗೆ ಹಾಕಿ ನರ್ಸಿಂಗ್ ಸ್ಟೇಷನ್‌ಗೆ ಹೋಗಿ ಫೋನ್ ಎತ್ತುತ್ತಾರೆ.

ಇಷ್ಟರಲ್ಲಿ ಸಿಸ್ಟರ್ ಕೈಗೆ ಏನೂ ಆಗಿಲ್ಲ. ಆದರೆ ಅಜ್ಜನ ಮೂತ್ರದಲ್ಲಿದ್ದ ಕ್ಲೆಬ್ಸಿಯೆಲ್ಲಾ ಏಳನೇ ಬೆಡ್‌ನವರ ರಕ್ತನಾಳದ ಬಾಗಿಲಿಗೆ ಬಂದು ನಿಂತಿದೆ. ಕ್ಯಾಥೆಟರ್ ಹಾಕಿ ದಿನಗಳಾದಂತೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ಸಾಮಾನ್ಯ, ಆ ಅಜ್ಜನಿಗೆ ಜ್ವರವೇ ಇಲ್ಲದಿರಬಹುದು. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ಬ್ಯಾಕ್ಟೀರಿಯಾ ಎಷ್ಟೋ ಸಲ ದುಬಾರಿ ಆಂಟಿಬಯಾಟಿಕ್‌ಗಳಿಗೂ ಬಗ್ಗುವುದಿಲ್ಲ. ಎರಡು ದಿನ ಕಳೆದ ಮೇಲೆ, ನ್ಯುಮೋನಿಯಾ ಇಳಿಮುಖವಾಗಿದ್ದ ರೋಗಿಗೆ ಚಳಿ ನಡುಕದ ಜ್ವರ ಬರುತ್ತದೆ. ಕ್ಯಾನುಲಾ ಚುಚ್ಚಿದ ಜಾಗ ಕೆಂಪಾಗಿರಬಹುದು, ಇಲ್ಲದೆಯೂ ಇರಬಹುದು. ಬ್ಲಡ್ ಕಲ್ಚರ್ ರಿಪೋರ್ಟ್ ಬರುವ ಹೊತ್ತಿಗೆ ಆ ಹತ್ತು ನಿಮಿಷ ಯಾರ ನೆನಪಿನಲ್ಲೂ ಇರುವುದಿಲ್ಲ. ಆಸ್ಪತ್ರೆಯ ಸೋಂಕುಗಳಲ್ಲಿ ನನಗೆ ಅತ್ಯಂತ ಕಷ್ಟದ ಸಂಗತಿಯಾಗಿ ಕಾಣುವುದು ಇದೇ: ಕಾರಣಕ್ಕೂ ಪರಿಣಾಮಕ್ಕೂ ನಡುವೆ ಎರಡು ದಿನದ ಅಂತರವಿದೆ, ಆದ್ದರಿಂದ ಮಾಡಿದವರಿಗೆ ಅದು ಗೊತ್ತೇ ಆಗುವುದಿಲ್ಲ.

ಕೋವಿಡ್ ಕಾಲದಿಂದೀಚೆಗೆ ಪಾನಿಪುರಿ ಗಾಡಿಯವರೂ ಗ್ಲೌಸ್ ಹಾಕತೊಡಗಿದ್ದನ್ನು ನೀವು ನೋಡಿರುತ್ತೀರಿ. ಅದೇ ಗ್ಲೌಸ್‌ನಲ್ಲಿ ಪುರಿ ಒಡೆದು, ಅದೇ ಗ್ಲೌಸ್‌ನಲ್ಲಿ ನೋಟು ತೆಗೆದುಕೊಂಡು ಚಿಲ್ಲರೆ ಕೊಡುತ್ತಾರೆ. ಅಲ್ಲಿ ಸ್ವಚ್ಛವಾಗಿ ಉಳಿದದ್ದು ಮಾರುವವರ ಕೈ ಮಾತ್ರ. ನಮ್ಮ ಸಿಸ್ಟರ್ ವಿಷಯದಲ್ಲೂ ಆದದ್ದು ಅಷ್ಟೇ.

ಈಗ ಅದೇ ಹತ್ತು ನಿಮಿಷವನ್ನು ಸರಿಯಾಗಿ ಮಾಡಿ ನೋಡೋಣ. ಅದಕ್ಕೆ ಬೇಕಾದ ಲೆಕ್ಕಾಚಾರವನ್ನು ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿದ್ದ ಹ್ಯೂಗೋ ಸಾಕ್ಸ್, ಡಿಡಿಯೆ ಪಿಟೆ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಅದನ್ನು ಸೇರಿಸಿತು. 'ಐದು ಕ್ಷಣ' ಎಂದು ವಾರ್ಡ್ ಗೋಡೆಗಳ ಮೇಲೆ ಅಂಟಿಸಿರುವ ಪೋಸ್ಟರ್ ಅದೇ. ಪೋಸ್ಟರ್ ಎಲ್ಲರಿಗೂ ಗೊತ್ತು, ಅದರ ಹಿಂದಿರುವ ಯೋಚನೆಯನ್ನು ಮಾತ್ರ ಬಹಳ ಮಂದಿಗೆ ಯಾರೂ ಹೇಳಿಕೊಟ್ಟಿಲ್ಲ.

ಯೋಚನೆ ಇಷ್ಟು. ಪ್ರತಿ ರೋಗಿಯ ಸುತ್ತ ಒಂದು ಗೆರೆ ಎಳೆದುಕೊಳ್ಳಿ. ರೋಗಿ, ಅವರ ಹಾಸಿಗೆ, ಮಂಚದ ಕಂಬಿ, ಪಕ್ಕದ ಲಾಕರ್, ಅವರಿಗೇ ಹಾಕಿರುವ ಡ್ರಿಪ್ ಸ್ಟ್ಯಾಂಡ್, ಮಾನಿಟರ್, ಎಲ್ಲವೂ ಗೆರೆಯ ಒಳಗೆ. ಆ ವಲಯದೊಳಗಿನ ಸೂಕ್ಷ್ಮಜೀವಿಗಳೆಲ್ಲ ಬೇಗನೆ ಆ ರೋಗಿಯವೇ ಆಗಿಬಿಡುತ್ತವೆ. ಕೇಸ್ ಶೀಟ್, ಫೋನ್, ಬಾಗಿಲ ಹಿಡಿ, ಪಕ್ಕದ ಮಂಚ, ಇವೆಲ್ಲ ಗೆರೆಯ ಹೊರಗೆ. ಹೊರಗಿನದನ್ನು ಒಳಗೆ ತರಬಾರದು, ಆದ್ದರಿಂದ ರೋಗಿಯನ್ನು ಮುಟ್ಟುವ ಮುಂಚೆ ಕೈ ಶುಚಿ. ಒಳಗಿನದನ್ನು ಹೊರಗೆ ಒಯ್ಯಬಾರದು, ಆದ್ದರಿಂದ ರೋಗಿಯನ್ನು ಮುಟ್ಟಿದ ಮೇಲೆ ಶುಚಿ. ರೋಗಿಯನ್ನು ಮುಟ್ಟದೆ ಬರೀ ಮಂಚದ ಕಂಬಿಯನ್ನೋ ಲಾಕರನ್ನೋ ಮುಟ್ಟಿದ್ದರೂ ಹೊರಡುವ ಮುಂಚೆ ಶುಚಿ. ಹೀಗೆ ಮೂರಾಯಿತು.

ಉಳಿದೆರಡು ವಲಯದ ಒಳಗೇ ನಡೆಯುವಂಥವು. ಒಂದೇ ರೋಗಿಯ ಮೈಮೇಲೂ ಇರಬೇಕಾದ ಕಡೆ ಇದ್ದರೆ ತೊಂದರೆ ಕೊಡದ, ಇರಬಾರದ ಕಡೆ ಹೋದರೆ ಅಪಾಯವಾಗುವ ಬ್ಯಾಕ್ಟೀರಿಯಾಗಳಿವೆ. ಚರ್ಮದ ಮೇಲಿನದು ರಕ್ತಕ್ಕೆ ಇಳಿಯಬಾರದು. ಆದ್ದರಿಂದ ಕ್ಯಾನುಲಾ ತೆರೆಯುವ, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ, ಇಂಜೆಕ್ಷನ್ ಕೊಡುವ ಮುನ್ನಾ ಕ್ಷಣದಲ್ಲಿ ಶುಚಿ. ರಕ್ತ, ಮೂತ್ರ, ಕಫ ಕೈಗೆ ತಗುಲಿರಬಹುದಾದ ಕೆಲಸ ಮುಗಿದ ಕೂಡಲೇ ಶುಚಿ. ಅಜ್ಜನ ಬ್ಯಾಗ್ ಖಾಲಿ ಮಾಡಿದ್ದು ಇದಕ್ಕೆ ಸೇರಿದ್ದು, ಏಳನೇ ಬೆಡ್‌ನ ಕ್ಯಾನುಲಾ ತೆರೆದದ್ದು ಅದಕ್ಕೆ.

ಈಗ ಸಿಸ್ಟರ್ ಅಜ್ಜನ ಬಳಿ ಬರುತ್ತಾರೆ. ಮೊದಲು ಹ್ಯಾಂಡ್ ರಬ್, ಕೈ ಒಣಗಿದ ಮೇಲೆ ಗ್ಲೌಸ್. ಬ್ಯಾಗ್ ಖಾಲಿ ಮಾಡಿ, ಜಗ್ ಸ್ಲೂಯಿಸ್ ರೂಮಿನಲ್ಲಿ ಸುರಿದು, ಗ್ಲೌಸ್ ಕಳಚಿ ಕೆಂಪು ಬಕೆಟ್‌ಗೆ. ತಕ್ಷಣ ಮತ್ತೆ ರಬ್. 'ದ್ರವ ತಗುಲಿದ ಮೇಲೆ' ಮತ್ತು 'ರೋಗಿಯನ್ನು ಬಿಟ್ಟು ಹೊರಟಾಗ' ಎಂಬ ಎರಡು ಕ್ಷಣಗಳೂ ಈ ಒಂದೇ ಸಲದಲ್ಲಿ ಮುಗಿದವು. ಐದು ಕ್ಷಣ ಎಂದರೆ ಐದು ಸಲ ತೊಳೆಯುವುದಲ್ಲ. ಎರಡು ಕ್ಷಣ ಒಂದರ ಮೇಲೊಂದು ಬಿದ್ದರೆ ಒಂದೇ ಸಲ ಸಾಕು. ಆಮೇಲೆ ಪೆನ್, ಚಾರ್ಟ್. ಏಳನೇ ಬೆಡ್‌ನಿಂದ ಕರೆ ಬಂತು. ಮಧ್ಯೆ ಪೆನ್ ಮುಟ್ಟಿದ್ದರಿಂದ ಅಲ್ಲಿ ಮುಟ್ಟುವ ಮುಂಚೆ ಇನ್ನೊಮ್ಮೆ ರಬ್. ಬರಿಗೈಯಲ್ಲೇ ಡ್ರಿಪ್ ಚಕ್ರ ನೋಡಿ, ರೋಗಿಯ ಕೈ ನೇರ ಮಾಡಿ, ಕ್ಯಾನುಲಾ ತೆರೆಯಲೇಬೇಕು ಎಂದಾದಾಗ ಮತ್ತೆ ರಬ್. ಸ್ಪಿರಿಟ್ ಸ್ವಾಬ್‌ನಿಂದ ಕ್ಯಾನುಲಾದ ಬಾಯಿ ಉಜ್ಜಿ, ಒಣಗಲು ಬಿಟ್ಟು, ಸಲೈನ್ ತಳ್ಳುವುದು. ಹೊರಡುವಾಗ ಕೊನೆಯ ರಬ್.

ಒಟ್ಟು ಐದು ಸಲ ರಬ್, ಒಂದು ಜೊತೆ ಗ್ಲೌಸ್. ಒಂದು ಸಲಕ್ಕೆ 20ರಿಂದ 30 ಸೆಕೆಂಡ್ ಬೇಕು, ಹಾಗಾಗಿ ಎಲ್ಲ ಸೇರಿ ಹೆಚ್ಚೆಂದರೆ ಎರಡೂವರೆ ನಿಮಿಷ. ಮೂವತ್ತು ರೋಗಿಗಳಿಗೆ ಇಬ್ಬರೇ ಸಿಸ್ಟರ್ ಇರುವ ವಾರ್ಡಿನಲ್ಲಿ ಇದು ಸಣ್ಣ ಸಮಯವಲ್ಲ, ಹಾಗೆಂದು ಹೇಳುವವರನ್ನು ನಾನು ತಿದ್ದಲು ಹೋಗುವುದಿಲ್ಲ. ಆದರೆ ಹ್ಯಾಂಡ್ ರಬ್ ಬಾಟಲಿ ಮಂಚದ ಬಳಿಯೇ ಇದ್ದರೆ ಅಷ್ಟೇ ಸಮಯ. ವಾರ್ಡಿನ ಕೊನೆಯ ಸಿಂಕಿಗೆ ನಡೆದು ಹೋಗಿ ಸೋಪು ಹಚ್ಚಿ ತೊಳೆಯುವುದಾದರೆ ತೊಳೆಯುವುದಕ್ಕೇ 40ರಿಂದ 60 ಸೆಕೆಂಡ್ ಬೇಕು, ನಡಿಗೆಯ ಸಮಯ ಬೇರೆ. ಜಿನೀವಾದಲ್ಲಿ ಬಾಟಲಿಗಳನ್ನು ಹಾಸಿಗೆಯ ಪಕ್ಕಕ್ಕೇ ತಂದಿಟ್ಟು, ಪೋಸ್ಟರ್ ಹಚ್ಚಿ, ಪದೇ ಪದೇ ಗಮನಿಸಿ ಫಲಿತಾಂಶ ತಿಳಿಸುತ್ತಾ ಹೋದಾಗ ಕೈ ಶುಚಿತ್ವ ಪಾಲನೆ 1994ರಲ್ಲಿ ಶೇ 48 ಇದ್ದದ್ದು 1997ಕ್ಕೆ ಶೇ 66 ಆಯಿತು. 1994ರಿಂದ 1998ರ ನಡುವೆ ಆಸ್ಪತ್ರೆಯಲ್ಲಿ ಅಂಟಿಕೊಂಡ ಸೋಂಕಿದ್ದ ರೋಗಿಗಳ ಪ್ರಮಾಣ ಶೇ 16.9ರಿಂದ ಶೇ 9.9ಕ್ಕೆ ಇಳಿಯಿತು. ಅಷ್ಟೆಲ್ಲ ಮಾಡಿದರೂ ಮೂರರಲ್ಲೊಂದು ಕ್ಷಣ ತಪ್ಪುತ್ತಿತ್ತು ಎಂಬುದನ್ನೂ ಗಮನಿಸಿ.

"ಸರಿ ಸರ್, ಏಳನೇ ಬೆಡ್‌ಗೆ ಹೋಗುವಾಗ ಗ್ಲೌಸ್ ಬದಲಾಯಿಸಿದರೆ ಆಯಿತಲ್ಲ? ಹಳೇದು ತೆಗೆದು ಹೊಸದು ಹಾಕಿದರೆ ರಬ್ ಯಾಕೆ?" ಇದು ಜಾಣ ಪ್ರಶ್ನೆ, ಆಗಾಗ ಬರುತ್ತದೆ. ಇದಕ್ಕೆ ಉತ್ತರ ಗ್ಲೌಸ್ ಎಂಬ ವಸ್ತುವಿನಲ್ಲೇ ಇದೆ.

ಪರೀಕ್ಷೆಗೆ ಬಳಸುವ ಗ್ಲೌಸನ್ನು ಕಾರ್ಖಾನೆಯಲ್ಲಿ ತಪಾಸಣೆ ಮಾಡುವುದು ಹೀಗೆ: ಒಂದು ಲೀಟರ್ ನೀರು ತುಂಬಿ ತೂಗುಹಾಕಿ, ಎರಡು ನಿಮಿಷದಲ್ಲಿ ಸೋರುತ್ತದೆಯೇ ಎಂದು ನೋಡುತ್ತಾರೆ. ಪ್ರತಿಯೊಂದನ್ನೂ ನೋಡಲಾಗುವುದಿಲ್ಲ, ಆಯ್ದ ಕೆಲವನ್ನಷ್ಟೇ. ಅದರಲ್ಲೂ ಇಷ್ಟು ಸೋರಿದರೆ ಪರವಾಗಿಲ್ಲ ಎಂಬ ಮಿತಿ ಇಟ್ಟಿರುತ್ತಾರೆ. ಅಂದರೆ ಡಬ್ಬ ತೆರೆದಾಗಲೇ ಅದರಲ್ಲಿ ಕಣ್ಣಿಗೆ ಕಾಣದ ತೂತಿರುವ ಒಂದೆರಡು ಇರಬಹುದು. ಬಳಸುತ್ತಾ ಹೋದಂತೆ ತೂತು ಹೆಚ್ಚುತ್ತವೆ: ಉಂಗುರ, ಉದ್ದ ಉಗುರು, ಪ್ಲಾಸ್ಟರ್ ಅಂಟು, ಕ್ಯಾನುಲಾದ ಚೂಪು ಅಂಚು. 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಸ್ಪತ್ರೆ ಸಿಬ್ಬಂದಿ ಕೆಲಸದಲ್ಲಿ ಬಳಸಿ ಬಿಟ್ಟ ಗ್ಲೌಸ್‌ಗಳನ್ನು ಪರೀಕ್ಷಿಸಿದಾಗ ವಿನೈಲ್‌ನಲ್ಲಿ ಶೇ 43, ಲೇಟೆಕ್ಸ್‌ನಲ್ಲಿ ಶೇ 9 ಸೋರುತ್ತಿದ್ದವು. ಹೊರಮೈಗೆ ಬ್ಯಾಕ್ಟೀರಿಯಾ ಅಂಟಿದ್ದ ಗ್ಲೌಸ್‌ಗಳಲ್ಲಿ ಶೇ 13ರಷ್ಟು ಸಂದರ್ಭಗಳಲ್ಲಿ ಅದೇ ಬ್ಯಾಕ್ಟೀರಿಯಾ ಒಳಗಿನ ಕೈಯಲ್ಲೂ ಸಿಕ್ಕಿತು. ಗ್ಲೌಸ್ ಬಹಳ ಮಟ್ಟಿಗೆ ಕಾಪಾಡುತ್ತದೆ ಎಂದೂ ಇದನ್ನು ಓದಬಹುದು, ಅದು ನಿಜವೇ. ಪೂರ್ತಿ ಕಾಪಾಡುವುದಿಲ್ಲ ಎಂಬುದೂ ಅಷ್ಟೇ ನಿಜ.

ತೂತಿಗಿಂತ ದೊಡ್ಡ ದಾರಿ ಕಳಚುವಾಗಿನದು. ಸರಿಯಾದ ಕ್ರಮ ಇಲ್ಲಿದೆ: ಒಂದು ಗ್ಲೌಸಿನ ಮಣಿಕಟ್ಟಿನ ಹತ್ತಿರ ಹೊರಮೈಯನ್ನು ಇನ್ನೊಂದು ಗ್ಲೌಸ್ ಹಾಕಿದ ಕೈಯಿಂದ ಚಿವುಟಿ ಹಿಡಿದು, ಒಳಮೈ ಹೊರಗಾಗುವಂತೆ ಎಳೆದು, ಆ ಕೈಯ ಮುಷ್ಟಿಯಲ್ಲೇ ಉಂಡೆ ಮಾಡಿ ಹಿಡಿದುಕೊಳ್ಳಬೇಕು. ಈಗ ಬರಿಗೈಯ ಬೆರಳುಗಳನ್ನು ಎರಡನೇ ಗ್ಲೌಸಿನ ಅಂಚಿನ ಒಳಕ್ಕೆ, ಚರ್ಮಕ್ಕೂ ಗ್ಲೌಸಿಗೂ ನಡುವೆ ತೂರಿಸಿ, ಅದನ್ನೂ ತಿರುವಿ ಮೊದಲನೆಯದನ್ನು ಅದರೊಳಗೆ ಸುತ್ತಿಬಿಡಬೇಕು. ಹೊರಮೈಗೆ ಬರಿಗೈ ತಾಗಬಾರದು. ತರಬೇತಿಯಲ್ಲಿ ಗ್ಲೌಸಿಗೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಲೋಷನ್ ಹಚ್ಚಿ ಕಳಚಲು ಹೇಳುತ್ತೇವೆ. ಆಮೇಲೆ ದೀಪದ ಕೆಳಗೆ ಕೈ ಹಿಡಿದಾಗ ಮಣಿಕಟ್ಟಿನ ಒಳಭಾಗದಲ್ಲಿ, ಹೆಬ್ಬೆರಳ ಬುಡದಲ್ಲಿ ನೀಲಿ ಹೊಳಪು ಕಾಣಿಸುತ್ತದೆ. ಜಾಗ್ರತೆಯಿಂದ ಕಳಚಿದವರಿಗೂ ಕಾಣಿಸುತ್ತದೆ. ಅವಸರದಲ್ಲಿ ಬೆರಳ ತುದಿ ಹಿಡಿದು ಚಟ್ ಎಂದು ಎಳೆದವರ ಕೈ ನೋಡುವುದೇ ಬೇಡ.

ಕಳಚುವ ಬದಲು ಗ್ಲೌಸ್ ಮೇಲೆಯೇ ಸ್ಯಾನಿಟೈಸರ್ ಹಾಕಿ ಉಜ್ಜಿಕೊಳ್ಳುವವರಿದ್ದಾರೆ. ಉಳಿತಾಯ ಅನ್ನಿಸುತ್ತದೆ, ಆದರೆ ಆ ಗ್ಲೌಸ್ ಒಂದೇ ಬಳಕೆಗೆಂದು ಮಾಡಿದ್ದು, ಆಲ್ಕೊಹಾಲ್ ತಾಗಿದಂತೆ ಅದು ದುರ್ಬಲವಾಗುತ್ತದೆ. ತೊಳೆದೂ ಉಪಯೋಗವಿಲ್ಲ ಎಂದು 1988ರಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಬ್ಯಾಕ್ಟೀರಿಯಾ ಹಚ್ಚಿದ ಗ್ಲೌಸನ್ನು ಬೇರೆ ಬೇರೆ ದ್ರಾವಣಗಳಿಂದ ತೊಳೆದು ಕಳಚಿದಾಗ, ಶೇ 5ರಿಂದ 50ರಷ್ಟು ಕೈಗಳಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಜೊತೆಗೆ ಒಳಗೆ ಬೆವರು, ಬಿಸಿ. ಕೈಯಲ್ಲಿ ಮೊದಲೇ ಇದ್ದ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುತ್ತದೆ. ಗ್ಲೌಸ್ ಹಾಕುವ ಮುಂಚೆ ಯಾಕೆ ಶುಚಿ ಎಂಬುದಕ್ಕೆ ಇದೊಂದು ಕಾರಣ. ಇನ್ನೊಂದು ಇನ್ನೂ ಸರಳ: ಡಬ್ಬದಿಂದ ಗ್ಲೌಸ್ ಎಳೆದುಕೊಳ್ಳುವುದು ಬರಿಗೈಯಿಂದಲೇ. ಕೈ ಕೊಳೆಯಾಗಿದ್ದರೆ ಹೊಸ ಗ್ಲೌಸಿನ ಹೊರಮೈಯೂ, ಡಬ್ಬದಲ್ಲಿ ಉಳಿದ ಗ್ಲೌಸ್‌ಗಳೂ ಕೊಳೆಯಾಗುತ್ತವೆ.

ಗ್ಲೌಸ್ ಆಪರೇಷನ್ ಥಿಯೇಟರ್‌ಗೆ ಬಂದ ಕತೆಯೂ ಇಲ್ಲಿ ಹೊಂದುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889ರ ಸುಮಾರಿಗೆ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್ ಕೈಗೆ ಪಾದರಸದ ಕ್ರಿಮಿನಾಶಕ ದ್ರಾವಣದಿಂದ ಚರ್ಮರೋಗ ಬಂತು. ಸರ್ಜನ್ ವಿಲಿಯಂ ಹಾಲ್ಸ್ಟೆಡ್ ಗುಡ್‌ಇಯರ್ ಕಂಪನಿಗೆ ಹೇಳಿ ತೆಳು ರಬ್ಬರ್ ಗ್ಲೌಸ್ ಮಾಡಿಸಿಕೊಟ್ಟರು. ಆಮೇಲೆ ಅವರಿಬ್ಬರೂ ಮದುವೆಯಾದರು, ಅದು ಬೇರೆ ಮಾತು. ರೋಗಿಗೆ ಸೋಂಕು ತಗುಲದಿರಲಿ ಎಂದು ಎಲ್ಲರೂ ಗ್ಲೌಸ್ ಹಾಕುವ ಪದ್ಧತಿ ಬಂದದ್ದು ಕೆಲವು ವರ್ಷ ಕಳೆದ ಮೇಲೆ. ಹಾಕಿದವರ ಕೈ ಕಾಪಾಡಲು ಹುಟ್ಟಿದ ವಸ್ತು ಇಂದಿಗೂ ವಾರ್ಡಿನಲ್ಲಿ ಮಾಡುವುದು ಮುಖ್ಯವಾಗಿ ಅದನ್ನೇ. ಹೆಪಟೈಟಿಸ್ ಬಿ, ಎಚ್‌ಐವಿ ಇರುವ ಕಾಲದಲ್ಲಿ ಅದು ಅಗತ್ಯವೂ ಹೌದು.

ನನಗೆ ಅನುಮಾನ ಇರುವುದು ಗ್ಲೌಸಿನ ಬಗ್ಗೆ ಅಲ್ಲ, ಅದು ಕೊಡುವ ನಿಶ್ಚಿಂತೆಯ ಬಗ್ಗೆ. ಬ್ರಿಟನ್ನಿನ 15 ಆಸ್ಪತ್ರೆಗಳಲ್ಲಿ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗ್ಲೌಸ್ ಇಲ್ಲದಾಗ ಕೈ ಶುಚಿ ಮಾಡಿಕೊಂಡದ್ದು ಶೇ 50 ಸಂದರ್ಭಗಳಲ್ಲಿ, ಗ್ಲೌಸ್ ಹಾಕಿದ್ದಾಗ ಶೇ 41ರಷ್ಟು ಮಾತ್ರ. ಗ್ಲೌಸ್ ಬೇಡದ ಕಡೆ ಅದನ್ನು ಹಾಕಿಕೊಂಡದ್ದೂ ಅಲ್ಲಿ ಕಂಡುಬಂತು. ಬರಿಗೈಗೆ ಏನಾದರೂ ತಾಗಿದರೆ ನಮಗೇ ಅಸಹ್ಯವಾಗಿ ತೊಳೆಯಲು ಓಡುತ್ತೇವೆ. ಗ್ಲೌಸ್ ಆ ಅಸಹ್ಯವನ್ನು ತೆಗೆದುಹಾಕುತ್ತದೆ, ಅದರ ಜೊತೆ ಎಚ್ಚರವನ್ನೂ. 2025ರ ಮೇ 5ರ ಕೈ ಶುಚಿತ್ವ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ವಿಷಯವಾಗಿ ಆರಿಸಿಕೊಂಡಿತ್ತು.

ಹಾಗಾದರೆ ಗ್ಲೌಸ್ ಎಲ್ಲಿ? ರಕ್ತ ತೆಗೆಯುವಾಗ, ಕ್ಯಾನುಲಾ ಹಾಕುವಾಗ ಮತ್ತು ತೆಗೆಯುವಾಗ, ಕಫ ಸಕ್ಷನ್ ಮಾಡುವಾಗ, ಮಲಮೂತ್ರದ ಪಾತ್ರೆ ಎತ್ತುವಾಗ, ಕೊಳೆಯಾದ ಉಪಕರಣ ತೊಳೆಯುವಾಗ. ಬಿ.ಪಿ. ನೋಡಲು, ಥರ್ಮಾಮೀಟರ್ ಇಡಲು, ಮಾತ್ರೆ ಕೊಡಲು, ಟ್ರಾಲಿ ತಳ್ಳಲು ಬೇಡ. ಇನ್ಸುಲಿನ್ ಚುಚ್ಚಲೂ ಬೇಡ. ರಕ್ತ ಸೋರದ ಕ್ಯಾನುಲಾಕ್ಕೆ ಸಲೈನ್ ತಳ್ಳಲೂ ಬೇಡ ಎಂದಾಗ ಸಭೆಯಲ್ಲಿ ಗುಸುಗುಸು ಶುರುವಾಗುತ್ತದೆ. ಆದರೆ ಅಲ್ಲಿ ಬೇಕಾದದ್ದು ಆಗಷ್ಟೇ ಶುಚಿ ಮಾಡಿದ ಕೈ.

ಆಲ್ಕೊಹಾಲ್ ರಬ್ ಎಲ್ಲದಕ್ಕೂ ಸಾಕಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಕಣ್ಣಿಗೆ ಕಾಣುವ ಕೊಳೆ, ರಕ್ತ ಕೈಗೆ ಅಂಟಿದ್ದರೆ ಸೋಪು ನೀರೇ ಬೇಕು. ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳನ್ನು ಆಲ್ಕೊಹಾಲ್ ಕೊಲ್ಲುವುದಿಲ್ಲ. ಅಂಥ ರೋಗಿಯ ಬಳಿ ಗ್ಲೌಸೂ ಬೇಕು, ಕಳಚಿದ ಮೇಲೆ ಸೋಪು ನೀರಿನಲ್ಲಿ ಉಜ್ಜಿ ತೊಳೆದು ಆ ಬೀಜಕಗಳನ್ನು ಜಾರಿಸಿ ಕಳಿಸುವುದೂ ಬೇಕು. ರಬ್ ಹಾಕುವಾಗ ಎರಡು ಹನಿ ಸಾಲದು. ಅಂಗೈ ಗುಳಿ ತುಂಬ, ಸುಮಾರು 3 ಮಿಲಿ ಲೀಟರ್, ಒಣಗುವವರೆಗೂ ಉಜ್ಜಬೇಕು. ಹತ್ತು ಸೆಕೆಂಡಿಗೇ ಒಣಗಿದರೆ ಹಾಕಿದ್ದು ಕಡಿಮೆಯಾಯಿತು ಎಂದರ್ಥ. ಎಲ್ಲರೂ ಅಂಗೈಯನ್ನು ಚೆನ್ನಾಗಿ ಉಜ್ಜುತ್ತಾರೆ, ಹೆಬ್ಬೆರಳು ಮತ್ತು ಬೆರಳ ತುದಿಗಳನ್ನು ಮರೆಯುತ್ತಾರೆ. ರೋಗಿಯನ್ನು ನಾವು ಮುಟ್ಟುವುದು ಆ ತುದಿಗಳಿಂದಲೇ. "ಕೈ ಉರಿಯುತ್ತೆ ಸರ್" ಎಂಬ ದೂರಿಗೆ ಎಷ್ಟೋ ಸಲ ಕಾರಣ ಸೋಪಿನಿಂದ ತೊಳೆದ ಕೂಡಲೇ ಅದರ ಮೇಲೆ ರಬ್ ಹಾಕುವುದು. ಯಾವುದಾದರೂ ಒಂದು ಸಾಕು. ಗ್ಲಿಸರಿನ್ ಸೇರಿಸಿದ ರಬ್, ಪದೇ ಪದೇ ಸೋಪು ಹಚ್ಚುವುದಕ್ಕಿಂತ ಚರ್ಮಕ್ಕೆ ಹಗುರ.

ಸಿಸ್ಟರ್‌ಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಬಾಟಲಿ ಮಂಚದ ಬಳಿ ಇಲ್ಲದೆ ನರ್ಸಿಂಗ್ ಸ್ಟೇಷನ್‌ನ ಬೀರುವಿನಲ್ಲಿದ್ದರೆ, ಸಿಂಕಿನ ಬಳಿ ಎಲ್ಲರಿಗೂ ಒಂದೇ ಟವೆಲ್ ನೇತು ಹಾಕಿದ್ದರೆ, ಖಾಲಿಯಾಗುತ್ತಾ ಬಂದ ಸೋಪಿನ ಬಾಟಲಿಗೆ ತೊಳೆಯದೆ ಮೇಲೆ ಮೇಲೆ ತುಂಬಿಸುತ್ತಿದ್ದರೆ, ತರಬೇತಿ ಕೊಡಬೇಕಾದದ್ದು ಆಡಳಿತ ಕಚೇರಿಗೆ. ಯಾರಾದರೂ ನಿಂತು ನೋಡುತ್ತಿದ್ದರೆ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ, ಆದ್ದರಿಂದ ನೋಡಿ ಬರೆದ ಅಂಕಿಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ನಂಬುವುದು ಇಂಡೆಂಟ್ ಪುಸ್ತಕವನ್ನು. ಸಾವಿರ ರೋಗಿ-ದಿನಕ್ಕೆ ಕನಿಷ್ಠ 20 ಲೀಟರ್ ರಬ್ ಖರ್ಚಾಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆಗಳ ಸ್ವಂತ ತಪಾಸಣೆಗೆ ಕೊಟ್ಟಿರುವ ಅಳತೆ. ತುಂಬಿದ 30 ಹಾಸಿಗೆಯ ವಾರ್ಡಿಗೆ ತಿಂಗಳಿಗೆ 900 ರೋಗಿ-ದಿನ, ಅಂದರೆ 18 ಲೀಟರ್, ಅರ್ಧ ಲೀಟರಿನ 36 ಬಾಟಲಿ. 3 ಮಿಲಿ ಲೀಟರ್‌ನಂತೆ ಲೆಕ್ಕ ಹಾಕಿದರೆ ಒಬ್ಬ ರೋಗಿಗೆ ದಿನಕ್ಕೆ ಆರೇಳು ಸಲ ಮಾತ್ರ, ದೊಡ್ಡ ಬೇಡಿಕೆಯೇನಲ್ಲ. ವಾರ್ಡಿನವರು ಸ್ಟೋರ್‌ನಿಂದ ಆ ತಿಂಗಳು ತರಿಸಿದ್ದು ನಾಲ್ಕು ಬಾಟಲಿ ರಬ್, ನಲವತ್ತು ಡಬ್ಬ ಗ್ಲೌಸ್ ಎಂದಿದ್ದರೆ, ಆರನೇ ಬೆಡ್‌ಗೂ ಏಳನೇ ಬೆಡ್‌ಗೂ ನಡುವೆ ಏನಾಗುತ್ತಿದೆ ಎಂದು ತಿಳಿಯಲು ವಾರ್ಡಿಗೆ ಹೋಗಿ ನಿಲ್ಲಬೇಕಾಗಿಯೇ ಇಲ್ಲ.